ಹಾಟ್ ವರ್ಕ್ ಪರ್ಮಿಟ್ ನಂ. 0147

ಜಾಗ: ವಸಂತನರಸಾಪುರ ಕೈಗಾರಿಕಾ ಪ್ರದೇಶ, ತುಮಕೂರು. ಗೋಡೌನ್ ವಿಸ್ತರಣೆ ಸೈಟ್, ಕಂಬ ಸಿ-7
ದಿನ: 14-2-2025, ಶುಕ್ರವಾರ
ಅವಧಿ: ಬೆಳಗ್ಗೆ 10ರಿಂದ ಸಂಜೆ 5ರವರೆಗೆ, ಈ ಜಾಗಕ್ಕೆ ಮಾತ್ರ
ಕೆಲಸಗಾರರು: ಗ್ಯಾಸ್ ಕಟರ್ 1, ವೆಲ್ಡರ್ 1, ಹೆಲ್ಪರ್ 2, ಫೈರ್ ವಾಚರ್ 2

ಕೆಲಸ

ಕಂಬ ಸಿ-7ರಲ್ಲಿ 6 ಮೀಟರ್ ಎತ್ತರದಲ್ಲಿರುವ ಹಳೇ ಪೈಪ್ ಸಪೋರ್ಟನ್ನು ಗ್ಯಾಸಲ್ಲಿ ಕತ್ತರಿಸಿ ತೆಗೆಯುವುದು, ಅದೇ ಜಾಗಕ್ಕೆ ಹೊಸ ಬ್ರಾಕೆಟ್ ವೆಲ್ಡ್ ಮಾಡುವುದು. ಬೋಲ್ಟ್ ಹಾಕಿ ಮುಗಿಸಬಹುದಾ ಅಂತ ಮೊದಲೇ ಕೇಳಿದೆವು. ಆಗೋದಿಲ್ಲ ಅಂತ ಡಿಸೈನ್‌ನವರು ಹೇಳಿದ ಮೇಲೇ ಈ ಪರ್ಮಿಟ್.

ಅಪಾಯಗಳು

ಇಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಗೋಡೆಯ ಆಚೆ ಕಡೆಯದು. ಕಂಬಕ್ಕೆ ತಾಗಿರುವುದು ಪಫ್ ಪ್ಯಾನೆಲ್. ಎರಡು ತಗಡಿನ ನಡುವೆ ಫೋಮ್. ಈಚೆ ಕಬ್ಬಿಣ ಕಾದರೆ ಒಳಗಿನ ಫೋಮ್ ಸದ್ದಿಲ್ಲದೆ ಹೊಗೆಯಾಡುತ್ತದೆ, ಕೆಲಸ ಮಾಡುವವರಿಗೆ ಕಾಣೋದೇ ಇಲ್ಲ. ಆಚೆ ಪ್ಯಾಕಿಂಗ್ ವಿಭಾಗ, ರಟ್ಟಿನ ಡಬ್ಬಗಳ ರಾಶಿ.

ಕಿಡಿ ಬಿದ್ದಲ್ಲೇ ನಿಲ್ಲುವುದಿಲ್ಲ. ಆರು ಮೀಟರ್ ಮೇಲಿಂದ ಬಿದ್ದು ನೆಲಕ್ಕೆ ಬಡಿದು ದೂರ ಉರುಳುತ್ತದೆ. ಪಕ್ಕದ ಕೋಣೆಯಲ್ಲಿ ಪೇಂಟರ್‌ಗಳ ಥಿನ್ನರ್ ಇತ್ತು. ಅದರ ಆವಿ, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಗುಂಡಿಯಲ್ಲಿ ಕೂರುತ್ತವೆ. ಇದರ ಜೊತೆಗೆ ಎತ್ತರದಿಂದ ಬೀಳುವುದು, ಕರೆಂಟ್ ಶಾಕ್, ಕಣ್ಣಿಗೆ ಆರ್ಕ್ ಹೊಡೆಯುವುದು. ಹಳೇ ಸಪೋರ್ಟ್ ಗ್ಯಾಲ್ವನೈಸ್ ಆಗಿದೆ. ಕಾದಾಗ ಬರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಮುನ್ನೆಚ್ಚರಿಕೆ (ಪ್ರತಿಯೊಂದನ್ನೂ ನಿಂತು ನೋಡಿದ್ದೇವೆ)

ಸುತ್ತ 11 ಮೀಟರ್‌ನಲ್ಲಿ ಉರಿಯುವಂಥದ್ದನ್ನೆಲ್ಲ ತೆರವು ಮಾಡಿಸಿದೆ, ಆಚೆ ಕಡೆಯ ಡಬ್ಬಗಳನ್ನೂ ಸೇರಿಸಿ. ಥಿನ್ನರ್ ಡಬ್ಬಗಳನ್ನು ಕಟ್ಟಡದಿಂದಲೇ ಹೊರಗೆ ಹಾಕಿಸಿದೆ. 9:40ಕ್ಕೆ ನೆಲಮಟ್ಟದಲ್ಲಿ, ಕೇಬಲ್ ಗುಂಡಿಯಲ್ಲಿ ಗ್ಯಾಸ್ ಮೀಟರ್ ಹಿಡಿದಾಗ ಎಲ್‌ಇಎಲ್ 0%. ಊಟದ ಬಿಡುವಿನ ನಂತರ ಮತ್ತೆ ಅಳತೆ ಆಗದೆ ಕಿಡಿ ಹಚ್ಚುವಂತಿಲ್ಲ.

ಕತ್ತರಿಸುವ ಜಾಗದ ಪ್ಯಾನೆಲ್‌ಗೆ, ಕೆಳಗಿನ ನೆಲಕ್ಕೆ ಫೈರ್ ಬ್ಲಾಂಕೆಟ್ ಹೊದಿಸಿದೆ. 6 ಕೆ.ಜಿ. ಎಬಿಸಿ ಪೌಡರ್ ಸಿಲಿಂಡರ್ 2, ನೀರು ತುಂಬಿದ ಬಕೆಟ್ 4 ಇವೆ. ಆಕ್ಸಿಜನ್, ಎಲ್‌ಪಿಜಿ ಸಿಲಿಂಡರ್‌ಗಳು ಟ್ರಾಲಿಯಲ್ಲಿ ನೆಟ್ಟಗೆ, ಚೈನ್ ಹಾಕಿ, ಕಿಡಿ ಬೀಳದ ದೂರದಲ್ಲಿವೆ. ಹೋಸ್ ಜಾಯಿಂಟ್‌ಗಳಿಗೆ ಸೋಪು ನೀರು ಹಾಕಿ ನೋಡಿದೆ. ಒಂದು ಕಡೆ ಗುಳ್ಳೆ ಬಂತು, ಕ್ಲಿಪ್ ಬದಲಿಸಿ ಮತ್ತೆ ನೋಡಿದ ಮೇಲೇ ಒಪ್ಪಿದ್ದು. ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಟಾರ್ಚ್ ಕಡೆಯೂ ಇದೆ, ರೆಗ್ಯುಲೇಟರ್ ಕಡೆಯೂ ಇದೆ. ಎಣ್ಣೆ ಕೈಯಲ್ಲಿ ಆಕ್ಸಿಜನ್ ವಾಲ್ವ್ ಮುಟ್ಟಬಾರದು.

ವೆಲ್ಡಿಂಗ್ ಮೆಷಿನ್‌ನ ಅರ್ಥ್ ಕ್ಲ್ಯಾಂಪ್ ಬ್ರಾಕೆಟ್ ಪಕ್ಕದಲ್ಲೇ ಹಾಕಬೇಕು, ದೂರದ ಪೈಪಿಗೋ ರಾಡಿಗೋ ಬೇಡ. ಸ್ಕ್ಯಾಫೋಲ್ಡ್‌ಗೆ ಹಸಿರು ಟ್ಯಾಗ್ ಇದೆ. ಮೇಲಿರುವ ಇಬ್ಬರೂ ಹಾರ್ನೆಸ್ ಹುಕ್ ಹಾಕಿರಬೇಕು. ಮಾಸ್ಕ್, ಲೆದರ್ ಗ್ಲೌಸ್, ಹತ್ತಿಯ ಬಟ್ಟೆ ಕಡ್ಡಾಯ. ನೈಲಾನ್ ಟೀ ಶರ್ಟ್ ಹಾಕಿಕೊಂಡು ಬಂದಿದ್ದ ಹೆಲ್ಪರ್‌ನ ಬಟ್ಟೆ ಬದಲಿಸಿಯೇ ಒಳಗೆ ಬಿಟ್ಟಿದ್ದು. ಎರಡು ಸ್ಮೋಕ್ ಡಿಟೆಕ್ಟರ್‌ಗಳಿಗೆ ಕವರ್ ಹಾಕಿದೆ, ಕಂಟ್ರೋಲ್ ರೂಮಿಗೆ ತಿಳಿಸಿದೆ.

ಫೈರ್ ವಾಚರ್ ಈಚೆ ಒಬ್ಬರು, ಆಚೆ ಒಬ್ಬರು. ಅವರಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು, ಟೀ ತರಲೂ ಕಳಿಸಬಾರದು. ಹೊಗೆ ವಾಸನೆ ಬಂದರೂ ಸಾಕು, ಕೆಲಸ ನಿಲ್ಲಿಸಲು ಅವರಿಗೆ ಪೂರ್ತಿ ಅಧಿಕಾರವಿದೆ. ತುರ್ತು ಕರೆ 112, ಆಂಬುಲೆನ್ಸ್ 108.

ಒಪ್ಪಿಗೆ

ಕೇಳಿದವರು: ಕಂಟ್ರಾಕ್ಟರ್ ಫೋರ್‌ಮನ್, 9:45. ಸಹಿ ಆಗಿದೆ.
ಜಾಗದ ಹೊಣೆ: ಗೋಡೌನ್ ಇನ್‌ಚಾರ್ಜ್, 9:50. ಆಚೆ ಕಡೆ ತಾವೇ ಹೋಗಿ ನೋಡಿ ಸಹಿ ಹಾಕಿದ್ದಾರೆ.
ಕೊಟ್ಟವರು: ಸೈಟ್ ಸೇಫ್ಟಿ ಆಫೀಸರ್, 10:00. ಸಹಿ ಆಗಿದೆ.
ಷರತ್ತುಗಳನ್ನು ಕೆಲಸದವರಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಓದಿ ಹೇಳಿದ್ದೇವೆ. ಆರು ಜನರ ಸಹಿ ಹಿಂಬದಿಯಲ್ಲಿದೆ.

ನಡುವಿನ ದಾಖಲೆ

1:00: ಊಟ. ಸಿಲಿಂಡರ್ ವಾಲ್ವ್ ಬಂದ್, ಮೆಷಿನ್ ಆಫ್.
1:45: ಮತ್ತೆ ಗ್ಯಾಸ್ ಅಳತೆ, 0%. ಕೆಲಸ ಶುರು.
3:00: ವೆಲ್ಡಿಂಗ್ ಮುಗಿಯಿತು. ಫೈರ್ ವಾಚ್ 1 ಗಂಟೆ ಶುರು.
3:25: ಆಚೆ ಕಡೆಯ ವಾಚರ್ ವಾಸನೆ ಹಿಡಿದರು. ಪ್ಯಾನೆಲ್ ಬುಡದ ಸಂದಿಯಲ್ಲಿ ನುಸುಳಿದ್ದ ಕಡಲೆಕಾಳಿನಷ್ಟು ಸ್ಲ್ಯಾಗ್, ಅದಕ್ಕೆ ತಾಗಿದ ರಟ್ಟಿನ ಚೂರು ಕಪ್ಪಾಗಿ ಹೊಗೆಯಾಡುತ್ತಿತ್ತು. ಒಂದು ಮಗ್ ನೀರಲ್ಲಿ ಆರಿತು. ಸಂದಿ ಪೂರ್ತಿ ಕೆರೆದು ಒದ್ದೆ ಮಾಡಿಸಿದೆ. ವಾಚ್ ಸಮಯವನ್ನು 3:30ರಿಂದ ಮೊದಲಿನಿಂದ ಎಣಿಸಿದೆ. ಮುಂದಿನ ಪರ್ಮಿಟ್‌ಗಳಲ್ಲಿ ಬುಡದ ಸಂದಿಗೆ ಒದ್ದೆ ಗೋಣಿ ತುರುಕಿ ಮುಚ್ಚುವುದು ಕಡ್ಡಾಯ.

ಮುಕ್ತಾಯ

4:30: ಫೈರ್ ವಾಚ್ ಮುಗಿಯಿತು. ಪ್ಯಾನೆಲ್‌ನ ಎರಡೂ ಮುಖ ಕೈಯಿಟ್ಟು ನೋಡಿದೆ, ತಣ್ಣಗಿದೆ. ಹೋಸ್‌ನಲ್ಲಿದ್ದ ಗ್ಯಾಸ್ ಖಾಲಿ ಮಾಡಿ ಸಿಲಿಂಡರ್‌ಗಳನ್ನು ಸ್ಟೋರ್‌ಗೆ ಕಳಿಸಿದೆ. ಕತ್ತರಿಸಿದ ತುಂಡುಗಳು, ರಾಡಿನ ತುದಿಗಳು ತೆರವಾಗಿವೆ. ಡಿಟೆಕ್ಟರ್ ಕವರ್ ಎರಡೂ ತೆಗೆದು ಕಂಟ್ರೋಲ್ ರೂಮಿನಿಂದ ಖಚಿತ ಮಾಡಿಕೊಂಡೆ.
4:45: ಫೋರ್‌ಮನ್, ಗೋಡೌನ್ ಇನ್‌ಚಾರ್ಜ್, ಸೇಫ್ಟಿ ಆಫೀಸರ್ ಮೂವರ ಸಹಿಯೊಂದಿಗೆ ಪರ್ಮಿಟ್ ಬಂದ್. ರಾತ್ರಿ 7 ಮತ್ತು 9ಕ್ಕೆ ಗೋಡೆಯ ಆಚೆ ಕಡೆ ಒಂದು ಸುತ್ತು ಹಾಕಲು ಸೆಕ್ಯುರಿಟಿಗೆ ಹೇಳಿ, ಅವರ ಪುಸ್ತಕದಲ್ಲಿ ಬರೆಸಿದೆ.