ಕಾಲಂ ಬದಲಾದರೆ ಜನ ಬದಲಾದರು ಅಂತಲ್ಲ: ಕರ್ನಾಟಕದ 2001 ಮತ್ತು 2011ರ ಧರ್ಮವಾರು ಅಂಕಿಗಳ ಓದು

2001ರ ಜನಗಣತಿಯಲ್ಲಿ ಕರ್ನಾಟಕದ ಬೌದ್ಧರು 3,93,300. ಹತ್ತು ವರ್ಷ ಕಳೆದ ಮೇಲೆ, 2011ರಲ್ಲಿ, 95,710. ಲೆಕ್ಕ ಹಾಕಿದರೆ 75.7% ಇಳಿಕೆ. ಯಾವ ಸಾಂಕ್ರಾಮಿಕವೂ ಇಲ್ಲ, ಮೂರು ಲಕ್ಷ ಜನ ಊರು ಬಿಟ್ಟ ಸುದ್ದಿಯೂ ಇಲ್ಲ. ಹಾಗಾದರೆ ಇವರೆಲ್ಲ ಎಲ್ಲಿಗೆ ಹೋದರು? ಬಹುಪಾಲು ಜನ ಎಲ್ಲಿಗೂ ಹೋಗಿಲ್ಲ ಅನ್ನುವುದು ನನ್ನ ವಾದ. ಅದೇ ಮನೆಯಲ್ಲಿ ಇದ್ದಾರೆ, ಕಾಲಂ ಮಾತ್ರ ಬೇರೆ. ಈ ಒಂದು ಸಾಲನ್ನು ಬಿಡಿಸಿ ನೋಡಿದರೆ ಉಳಿದ ಸಾಲುಗಳನ್ನು ಎಷ್ಟು ನಂಬಬಹುದು ಎಂಬುದೂ ಗೊತ್ತಾಗುತ್ತದೆ.

ಕೋಷ್ಟಕ 1: ಕರ್ನಾಟಕದ ಜನಸಂಖ್ಯೆ, ಧರ್ಮವಾರು (ಜನಗಣತಿಯ ಸಿ-1 ಕೋಷ್ಟಕದಿಂದ, ದರ ನನ್ನ ಲೆಕ್ಕ)

| ವರ್ಗ | 2001 | 2011 | ಬೆಳವಣಿಗೆ (%) |
|---|---|---|---|
| ಹಿಂದೂ | 4,43,21,279 | 5,13,17,472 | 15.8 |
| ಮುಸ್ಲಿಂ | 64,63,127 | 78,93,065 | 22.1 |
| ಕ್ರೈಸ್ತ | 10,09,164 | 11,42,647 | 13.2 |
| ಜೈನ | 4,12,659 | 4,40,280 | 6.7 |
| ಬೌದ್ಧ | 3,93,300 | 95,710 | — |
| ಸಿಖ್ | 15,326 | 28,773 | 87.7 |
| ಇತರ ಧರ್ಮಗಳು | 1,15,460 | 11,263 | — |
| ಧರ್ಮ ತಿಳಿಸದವರು | 1,20,247 | 1,66,087 | — |
| ಒಟ್ಟು | 5,28,50,562 | 6,10,95,297 | 15.6 |

ಕಾಲಂ ತುಂಬಿದ್ದು ಹೇಗೆ

2011ರ ಕುಟುಂಬ ಅನುಸೂಚಿಯಲ್ಲಿ ಧರ್ಮದ ಪ್ರಶ್ನೆ ಏಳನೆಯದು. ಧರ್ಮದ ಹೆಸರನ್ನು ಪೂರ್ತಿ ಬರೆಯಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಆಗಿದ್ದರೆ ಜೊತೆಗೊಂದು ಕೋಡ್. ಬೇರೆ ಏನೇ ಹೇಳಿದರೂ ಹೆಸರು ಮಾತ್ರ. ಮನೆಯವರು ಹೇಳಿದ್ದನ್ನೇ ಬರೆಯಬೇಕು, ವಾದ ಮಾಡಬಾರದು, ಹೆಸರು ನೋಡಿ ಧರ್ಮ ಊಹಿಸಬಾರದು ಎಂಬುದು ನಿಯಮ.

ನಿಯಮ ಸರಿ, ಆದರೆ ಬಾಗಿಲಲ್ಲಿ ನಡೆಯುವುದು ಬೇರೆ. ಆ ಫೆಬ್ರವರಿಯಲ್ಲಿ ನಾನೂ ಒಬ್ಬ ಗಣತಿದಾರ, ಶಾಲೆ ಮುಗಿಸಿ ಸಂಜೆ ಮನೆ ಮನೆ ಸುತ್ತುತ್ತಿದ್ದೆ. ಒಂದು ಮನೆಯ ಯಜಮಾನರು ಧರ್ಮ ಅಂದ ಕೂಡಲೇ "ಲಿಂಗಾಯತ" ಅಂದರು. ಅವರ ಮಗ ಒಳಗಿನಿಂದ "ಹಿಂದೂ ಅಂತ ಬರಸ್ರಿ, ಅದು ಜಾತಿ" ಅಂದ. ಅಪ್ಪ ಮಗ ಐದು ನಿಮಿಷ ಜಗಳ ಆಡಿದರು. ಸೊಸೆ ಅಷ್ಟರಲ್ಲಿ ಚಹಾ ತಂದಿಟ್ಟರು, ಅವರನ್ನು ಯಾರೂ ಕೇಳಲಿಲ್ಲ. ಆ ಮನೆಯ ಏಳೂ ಜನರ ಧರ್ಮ ಕೊನೆಗೆ ಯಜಮಾನರ ಮಾತಿನಂತೆಯೇ ಬರೆಯಲಾಯಿತು. ನಮ್ಮ ಡೇಟಾದಲ್ಲಿ 'ವ್ಯಕ್ತಿ' ಎಂದು ಕರೆಯುವುದು ಎಷ್ಟೋ ಸಲ ಮನೆಯ ಒಬ್ಬರ ಉತ್ತರ.

ಅವರು ಲಿಂಗಾಯತ ಎಂದು ಬರೆಸಿದ್ದು ಪ್ರಕಟವಾದ ಸಿ-1ರಲ್ಲಿ ಕಾಣುವುದಿಲ್ಲ. ಲಿಂಗಾಯತ, ವೀರಶೈವ ಎಂಬ ಉತ್ತರಗಳನ್ನು ಹಿಂದೂ ಅಡಿಯಲ್ಲೇ ಸೇರಿಸುವುದು ಗಣತಿಯ ರೂಢಿ. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಸ್ಥಾನ ಕೊಡಿ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದ್ದು 2018ರಲ್ಲಿ, ಅಂದರೆ ಈ ಗಣತಿಯಾಗಿ ಏಳು ವರ್ಷಕ್ಕೆ. ಆ ಚರ್ಚೆಯಲ್ಲಿ ಯಾವ ಕಡೆ ನಿಂತರೂ 2011ರ ಅಂಕಿ ಉತ್ತರ ಕೊಡುವುದಿಲ್ಲ. 84% ಹಿಂದೂ ಎಂಬುದು ಗಣತಿಯ ವರ್ಗೀಕರಣದ ಪ್ರಕಾರ ಬಂದ 84%. ಈ ಲೇಖನದಲ್ಲಿ ಹಿಂದೂ ಎಂದು ಬಂದಲ್ಲೆಲ್ಲ ಅರ್ಥ ಅಷ್ಟೇ.

ಬೌದ್ಧ ಸಾಲು

ಈ ಒಂದು ಸಾಲಿನೊಳಗೆ ಎರಡು ಬೇರೆ ಚರಿತ್ರೆಗಳಿವೆ. ಒಂದು, ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ ನೆಲೆಗಳು. ಇನ್ನೊಂದು, ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಮೇಲೆ ಬೆಳೆದ ದಲಿತ ಬೌದ್ಧರ ಧಾರೆ. ಎರಡನ್ನೂ ಕೂಡಿಸಿ ಒಂದೇ ಬೆಳವಣಿಗೆ ದರ ಹೇಳುವುದೇ ಕಷ್ಟ.

ಎರಡನೆಯ ಧಾರೆಗೆ ಕಾನೂನಿನ ಒಂದು ಗಂಟೂ ಇದೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಮೊದಲು ಹಿಂದೂಗಳಿಗೆ ಮಾತ್ರ ಆ ಸ್ಥಾನವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಅಂದರೆ 2001ರಲ್ಲೂ 2011ರಲ್ಲೂ ಬೌದ್ಧ ಎಂದು ಬರೆಸಿದವರಿಗೆ ಪರಿಶಿಷ್ಟ ಜಾತಿಯ ಕಾಲಂ ತೆರೆದೇ ಇತ್ತು. ಆದರೆ ಜಾತಿ ಪ್ರಮಾಣಪತ್ರಕ್ಕೆ ತೊಂದರೆ ಆದೀತು ಎಂಬ ಅಳುಕು ಕಾನೂನು ಓದಿದ ಮಾತ್ರಕ್ಕೆ ಹೋಗುವುದಿಲ್ಲ. ಗಣತಿಯ ಉತ್ತರ ಗುಟ್ಟಾಗಿ ಇರಬೇಕು ಎಂದು 1948ರ ಜನಗಣತಿ ಕಾಯ್ದೆ ಹೇಳುತ್ತದೆ. ಅದನ್ನು ಮನೆ ಬಾಗಿಲಲ್ಲಿ ಎಷ್ಟು ಜನ ನಂಬುತ್ತಾರೆ? ಕ್ರೈಸ್ತ ದಲಿತರಿಗಂತೂ ಆ ಕಾಲಂ ಮುಚ್ಚಿದೆ. ಹಾಗಾಗಿ 13.2% ಎಂಬ ಕ್ರೈಸ್ತರ ಬೆಳವಣಿಗೆಯಲ್ಲಿ ಹೆರಿಗೆ ಎಷ್ಟು, ವಲಸೆ ಎಷ್ಟು, ಹೇಳದೆ ಉಳಿದದ್ದು ಎಷ್ಟು ಎಂದು ಸಿ-1 ಒಂದರಿಂದ ಬಿಡಿಸಲು ಬರುವುದಿಲ್ಲ.

2001ರ ಅಂಕಿ ಜಾಸ್ತಿಯೋ, 2011ರದು ಕಡಿಮೆಯೋ? ಉತ್ತರ ಬದಲಾಯಿತೋ, ಬರೆಯುವಾಗ ಇಲ್ಲವೇ ಕೋಡ್ ಹಾಕುವಾಗ ಬದಲಾಯಿತೋ? ಎರಡು ವರ್ಷದ ಒಟ್ಟು ಮೊತ್ತ ಇಟ್ಟುಕೊಂಡು ಇದನ್ನು ತೀರ್ಮಾನಿಸಲು ಆಗದು. ಆದರೆ ಇದರ ಪರಿಣಾಮ ಎಷ್ಟು ದೊಡ್ಡದು ಎಂದು ಅಳೆಯಬಹುದು. 'ಇತರ ಧರ್ಮಗಳು' ಸಾಲೂ 1,15,460ರಿಂದ 11,263ಕ್ಕೆ ಕುಸಿದಿದೆ. ಹಿಂದೂ, ಬೌದ್ಧ, ಇತರ ಈ ಮೂರನ್ನೂ ಒಟ್ಟಿಗೆ ಕೂಡಿಸಿದರೆ 2001ರಲ್ಲಿ 4,48,30,039, 2011ರಲ್ಲಿ 5,14,24,445. ಬೆಳವಣಿಗೆ 14.7%. ಹಿಂದೂ ಸಾಲನ್ನು ಮಾತ್ರ ನೋಡಿದಾಗ ಇದ್ದದ್ದು 15.8%. ಹೆಚ್ಚು ಕಡಿಮೆ ಒಂದು ಶೇಕಡಾ ಅಂಶದ ವ್ಯತ್ಯಾಸ ಬರೀ ಕಾಲಂ ಜೋಡಣೆಯಿಂದ ಬರುತ್ತದೆ.

ಇದರಿಂದ ಮುಸ್ಲಿಂ ಬೆಳವಣಿಗೆಯ ಜೊತೆಗಿನ ಅಂತರ 6.3ರಿಂದ 7.4 ಅಂಶಕ್ಕೆ ಏರುತ್ತದೆ, ಇಳಿಯುವುದಿಲ್ಲ. ಎಚ್ಚರಿಕೆಯಿಂದ ಓದುವುದು ಅಂದರೆ ನಮಗೆ ಇಷ್ಟವಾದ ಕಡೆಗೆ ಅಂಕಿ ಬಗ್ಗಿಸುವುದಲ್ಲ, ಅದಕ್ಕೇ ಇದನ್ನೂ ಹೇಳುತ್ತಿದ್ದೇನೆ. ಆ ಅಂತರಕ್ಕೆ ಕಾರಣ ಧರ್ಮವೇ ಎಂದು ಮಾತ್ರ ಹೇಳಲಾಗದು. ಶಿಕ್ಷಣ, ಮದುವೆಯ ವಯಸ್ಸು, ವಯೋರಚನೆ, ವಲಸೆ ಯಾವುದೂ ಈ ಕೋಷ್ಟಕದಲ್ಲಿ ಇಲ್ಲ.

ಸಣ್ಣ ಸಾಲುಗಳು, ಹಳೆಯ ಪಾಠ

ಸಿಖ್ ಸಾಲಿನ 87.7% ನೋಡಿ ಯಾರಾದರೂ ಹೌಹಾರಬಹುದು. ಸೇರಿದ್ದು 13,447 ಜನ, ಅಷ್ಟೇ. ಧರ್ಮ ತಿಳಿಸದವರು 1,66,087, ಅಂದರೆ ಬೌದ್ಧರು, ಸಿಖ್ಖರು ಇಬ್ಬರನ್ನೂ ಕೂಡಿಸಿದ್ದಕ್ಕಿಂತ ಜಾಸ್ತಿ. ಇವರನ್ನು ನಾಸ್ತಿಕರು ಎಂದು ಓದಬಾರದು. ಹೇಳಲು ಒಲ್ಲದವರು, ಕೇಳದೆ ಬಿಟ್ಟವರು ಎಲ್ಲರೂ ಇದರಲ್ಲಿ ಇರಬಹುದು.

2004ರಲ್ಲಿ 2001ರ ಅಂಕಿ ಹೊರಬಂದಾಗ ಏನಾಯಿತು ಎಂಬುದು ಜನಸಂಖ್ಯಾಶಾಸ್ತ್ರದವರಿಗೆ ನೆನಪಿರುತ್ತದೆ. ದೇಶದ ಮುಸ್ಲಿಂ ಬೆಳವಣಿಗೆ 36% ಎಂದು ಗದ್ದಲ ಎದ್ದಿತು. ಜಮ್ಮು ಕಾಶ್ಮೀರದಲ್ಲಿ 1991ರಲ್ಲಿ ಗಣತಿಯೇ ನಡೆದಿರಲಿಲ್ಲ, 2001ರಲ್ಲಿ ನಡೆದಿತ್ತು. ಹೋಲಿಕೆಗೆ ಸರಿಪಡಿಸಿದಾಗ ಅದು 30%ಗಿಂತ ಕೆಳಗೆ ಬಂತು. ಆದರೆ ಹಳೆಯ ಅಂಕಿ ಅಷ್ಟರಲ್ಲೇ ಊರೆಲ್ಲ ಸುತ್ತಿ ಬಂದಿತ್ತು.

2021ರ ಗಣತಿ ನಡೆಯದ ಕಾರಣ ನಮ್ಮ ಕೈಲಿರುವ ಕೊನೆಯ ಅಂಕಿ 2011ರದೇ. ಅದನ್ನು ಇವತ್ತಿನವರೆಗೆ ಎಳೆದು ಅಂದಾಜು ಮಾಡುವ ಕೆಲಸ ಇಲ್ಲಿ ಮಾಡಿಲ್ಲ. ಮುಂದಿನ ಅಧ್ಯಾಯದ ಜಿಲ್ಲಾವಾರು ಕೋಷ್ಟಕಗಳಲ್ಲಿ ಹಿಂದೂ ಸಾಲಿನ ಕೆಳಗೆ ಮೂರು ವರ್ಗ ಕೂಡಿಸಿದ ಸಾಲನ್ನೂ ಕೊಟ್ಟಿದ್ದೇನೆ. ಬೌದ್ಧ ಮತ್ತು ಇತರ ಸಾಲುಗಳಿಗೆ ಸಂಖ್ಯೆ ಮಾತ್ರ ಇದೆ. ಬೆಳವಣಿಗೆ ದರದ ಜಾಗದಲ್ಲಿ ಕೋಷ್ಟಕ 1ರಂತೆಯೇ ಗೆರೆ ಎಳೆದಿದ್ದೇನೆ.