ಸಂಜೆ ಬ್ಯಾಚ್‌ಗೆ ಬದಲಾವಣೆ ಕೋರಿ ಅರ್ಜಿ

ದಾವಣಗೆರೆ
11-08-2025

ಇಂದ,
ಪ್ರವೀಣ ಎಚ್.
ಬಿ.ಕಾಂ. 3ನೇ ಸೆಮಿಸ್ಟರ್, ಎ ವಿಭಾಗ
ಹಾಜರಿ ಸಂಖ್ಯೆ 47

ಗೆ,
ಮಾನ್ಯ ಪ್ರಾಂಶುಪಾಲರು
ಕಾಲೇಜು ಕಚೇರಿ, ದಾವಣಗೆರೆ

ವಿಷಯ: ಹಗಲಿನ ಬ್ಯಾಚ್‌ನಿಂದ ಸಂಜೆ ಬ್ಯಾಚ್‌ಗೆ ಬದಲಾಯಿಸಿಕೊಡುವ ಬಗ್ಗೆ

ಮಾನ್ಯರೇ,

ನಮ್ಮ ತಂದೆ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಲಾರಿಯಿಂದ ಚೀಲ ಇಳಿಸುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಇನ್ನು ಭಾರ ಎತ್ತುವ ಹಾಗಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಅಮ್ಮ ಮಂಡಕ್ಕಿ ಭಟ್ಟಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಭತ್ತ ಒಣಗುವುದಿಲ್ಲ, ಆ ಕೆಲಸವೂ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ.

ತಂದೆ ಹಮಾಲಿ ಮಾಡುತ್ತಿದ್ದ ಮೆಕ್ಕೆಜೋಳದ ಮಂಡಿಯಲ್ಲೇ ಜೂನ್ 2ರಿಂದ ನಾನು ಲೆಕ್ಕ ಬರೆಯುತ್ತಿದ್ದೇನೆ. ತಿಂಗಳಿಗೆ 11,000 ರೂಪಾಯಿ ಸಂಬಳ. ಬೆಳಿಗ್ಗೆ ರೈತರ ಮಾಲು ಬರುವ ಹೊತ್ತಿಗೆ ಅಲ್ಲಿರಬೇಕು. ಚೀಲ ಎಣಿಸಿ ಲಾಟ್ ನಂಬರ್ ಹಾಕಬೇಕು. ಮಧ್ಯಾಹ್ನ ಟೆಂಡರ್ ಆದ ಮೇಲೆ ತೂಕ, ಆಮೇಲೆ ರೈತರ ಪಟ್ಟಿ. ಕಾಲೇಜು 10ರಿಂದ 3.30ರವರೆಗೆ. ಎರಡೂ ಒಂದೇ ಹೊತ್ತಿಗೆ ಬರುತ್ತವೆ.

ಮೊದಲಿಗೆ ಹೇಗೋ ಸಂಭಾಳಿಸಬಹುದು ಅಂದುಕೊಂಡೆ. ಎರಡು ಪೀರಿಯಡ್ ಕೇಳಿ ಸೈಕಲ್ ಹತ್ತಿ ಯಾರ್ಡಿಗೆ ಓಡುತ್ತಿದ್ದೆ. ಆಗಲಿಲ್ಲ. ಈ ಸೆಮಿಸ್ಟರಿನಲ್ಲಿ ಇದುವರೆಗೆ ನಡೆದ 34 ತರಗತಿಗಳಲ್ಲಿ 19ಕ್ಕೆ ಮಾತ್ರ ಬಂದಿದ್ದೇನೆ. ಅಂದರೆ ಶೇ. 56. ಶೇ. 75 ಬೇಕು ಎಂದು ಗೊತ್ತಿದೆ. ಹೀಗೇ ಬಿಟ್ಟರೆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಇದು ನನ್ನದೇ ತಪ್ಪು, ಜುಲೈನಲ್ಲೇ ನಿಮ್ಮ ಬಳಿ ಬರಬೇಕಿತ್ತು.

ಓದು ಬಿಡುವ ಮನಸ್ಸಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಶೇ. 74, ಎರಡನೆಯದರಲ್ಲಿ ಶೇ. 66 ಬಂದಿದೆ. ಪುಸ್ತಕದಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದ ಲೆಡ್ಜರ್ ಈಗ ದಿನಾ ಕೈಯಲ್ಲಿರುತ್ತದೆ, ಅರ್ಥವೂ ಆಗುತ್ತಿದೆ.

ಸಂಜೆ ಬ್ಯಾಚ್ 5.30ರಿಂದ 8.30ರವರೆಗೆ. ಅದರಲ್ಲಿ ಮೂರು ಸೀಟು ಖಾಲಿ ಇವೆ ಎಂದು ಕಚೇರಿಯಲ್ಲಿ ತಿಳಿಸಿದರು. ಮನೆ ನಿಟುವಳ್ಳಿಯಲ್ಲಿದೆ, ಹಾಗಾಗಿ ರಾತ್ರಿ ಬಸ್ಸಿನ ಚಿಂತೆ ಇಲ್ಲ. ಈವರೆಗಿನ ಹಾಜರಿಯನ್ನೂ ಬರೆದಿರುವ ಒಂದು ಇಂಟರ್ನಲ್ ಟೆಸ್ಟಿನ ಅಂಕವನ್ನೂ ಹೊಸ ಬ್ಯಾಚ್‌ಗೆ ವರ್ಗಾಯಿಸಿಕೊಡಬೇಕು. ಶುಲ್ಕದಲ್ಲಿ ವ್ಯತ್ಯಾಸ ಇದ್ದರೆ ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ.

ಇನ್ನೊಂದು ತೊಡಕಿದೆ. ಕಂಪ್ಯೂಟರ್ ಲ್ಯಾಬ್ ಹಗಲು ಮಾತ್ರ ಇರುತ್ತದೆ. ಸೋಮವಾರ ಮಧ್ಯಾಹ್ನ 2ರಿಂದ 4ರವರೆಗೆ ಮಂಡಿಯವರು ಬಿಡುತ್ತಾರೆ. ಆ ದಿನದ ಲ್ಯಾಬ್ ಗುಂಪಿಗೆ ನನ್ನನ್ನು ಸೇರಿಸಿದರೆ ಸಾಕು.

ಮಂಡಿ ಮಾಲೀಕರ ಪತ್ರ, ತಂದೆಯ ಚಿಕಿತ್ಸೆಯ ಚೀಟಿ ಮತ್ತು ಎರಡು ಸೆಮಿಸ್ಟರಿನ ಅಂಕಪಟ್ಟಿಯ ಪ್ರತಿ ಜೊತೆಗಿವೆ. ಯಾವ ದಿನ ಕರೆದರೂ ತಂದೆಯವರೊಂದಿಗೆ ಬಂದು ಭೇಟಿಯಾಗುತ್ತೇನೆ.

ತಮ್ಮ ವಿದ್ಯಾರ್ಥಿ,
ಪ್ರವೀಣ ಎಚ್.

ಲಗತ್ತು 1: ಮಾಲೀಕರ ಪತ್ರ

ಎ.ಪಿ.ಎಂ.ಸಿ. ಯಾರ್ಡ್, ದಾವಣಗೆರೆ
09-08-2025

ಕಾಲೇಜಿನ ಪ್ರಾಂಶುಪಾಲರಿಗೆ ನಮಸ್ಕಾರ.

ಪ್ರವೀಣ ಎಚ್. ಎಂಬ ಹುಡುಗ ಜೂನ್ 2ರಿಂದ ನಮ್ಮ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಸಂಬಳ ತಿಂಗಳಿಗೆ 11,000 ರೂ. ಕೆಲಸದ ಸಮಯ ಬೆಳಿಗ್ಗೆ 8.30ರಿಂದ ಸಂಜೆ 4.45. ಭಾನುವಾರ ರಜೆ.

ಇವನ ತಂದೆ ನಮ್ಮಲ್ಲಿ ಹದಿನಾಲ್ಕು ವರ್ಷ ಹಮಾಲಿ ಮಾಡಿದವರು. ಹುಡುಗ ಲೆಕ್ಕದಲ್ಲಿ ಚುರುಕು. ಪಟ್ಟಿಯಲ್ಲಿ ತಪ್ಪಿದ್ದರೆ ನಮ್ಮದೇ ಆದರೂ ತೋರಿಸುತ್ತಾನೆ. ಅವನ ಓದು ನಿಲ್ಲಬಾರದು ಎಂಬುದು ನಮ್ಮ ಮಾತೂ ಹೌದು.

ಸಂಜೆ ಕಾಲೇಜಿಗೆ ದಿನಾ 4.45ಕ್ಕೆ ಬಿಡುತ್ತೇವೆ. ಸೋಮವಾರ ಲ್ಯಾಬಿಗೆ ಎರಡು ಗಂಟೆ ಬಿಡುತ್ತೇವೆ. ಪರೀಕ್ಷೆ ದಿನ ಪೂರ್ತಿ ರಜೆ, ಸಂಬಳ ಹಿಡಿಯುವುದಿಲ್ಲ. ಅಕ್ಟೋಬರ್ ಕೊನೆಯಿಂದ ಹೊಸ ಜೋಳ ಬರುತ್ತದೆ. ಆಗ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಪರೂಪಕ್ಕೆ ಒಂದೆರಡು ದಿನ 5.15 ಆಗಬಹುದು ಎಂದು ಈಗಲೇ ಹೇಳುತ್ತಿದ್ದೇನೆ. ಆಗಲೂ ಅವನ ಪಟ್ಟಿ ಕೆಲಸವನ್ನು ನನ್ನ ಮಗ ನೋಡಿಕೊಂಡು ಇವನನ್ನು ತರಗತಿಯ ಹೊತ್ತಿಗೆ ಕಳಿಸುತ್ತಾನೆ.

ವಿಚಾರಿಸಬೇಕಿದ್ದರೆ ಹಗಲು ಹೊತ್ತು ಅಂಗಡಿಯಲ್ಲೇ ಇರುತ್ತೇನೆ.

ಮಾಲೀಕರು
(ಸಹಿ ಮತ್ತು ಅಂಗಡಿಯ ಮೊಹರು ಇದೆ)