ಕೆರೆಯ ನೀರು, ಕಾಫಿ ಮತ್ತು ಶುಂಠಿ

(ಬೇಲೂರು ತಾಲ್ಲೂಕಿನ ಅರೇಹಳ್ಳಿ ಹೋಬಳಿಯ ಒಂದು ತೋಟ, ಫೆಬ್ರುವರಿ ಮೂರನೆಯ ವಾರ)

ರೈತ: ಸಾರ್, ಕೆರೆಯಲ್ಲಿ ಉಳಿದಿರುವುದು ಸುಮಾರು 12 ಲಕ್ಷ ಲೀಟರ್. ನಾಲ್ಕು ಎಕರೆ ರೊಬಸ್ಟಾ ಕಾಫಿಗೆ ಮೊಗ್ಗು ಅರಳಿಸುವ ಹೂ ನೀರು ಕೊಡಬೇಕು, ಒಂದು ಎಕರೆ ಶುಂಠಿಯನ್ನೂ ಹಾಕಬೇಕೆಂದಿದ್ದೇನೆ. ಅರ್ಧರ್ಧ ಹಂಚಿದರೆ ಹೇಗೆ?

ಸಲಹೆಗಾರ: ಅದೊಂದನ್ನು ಮಾತ್ರ ಮಾಡಬೇಡಿ ಗೌಡರೇ. ಒಂದು ಎಕರೆಗೆ ಒಂದು ಇಂಚು ನೀರು ಹಾಯಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಹೂವಿಗೆ ಒಂದೂವರೆ ಇಂಚು, ಹದಿನೈದು ಇಪ್ಪತ್ತು ದಿನಗಳ ನಂತರ ಪೀಚು ಉದುರದಂತೆ ಕೊಡುವ ಬ್ಯಾಕಿಂಗ್‌ಗೆ ಒಂದು ಇಂಚು ಎಂದರೆ ನಾಲ್ಕು ಎಕರೆಗೆ 10 ಲಕ್ಷ ಆಗುತ್ತದೆ. ನೀವು 6 ಲಕ್ಷ ಇಟ್ಟುಕೊಂಡರೆ ಹೂವೇನೋ ಅರಳುತ್ತದೆ, ಆದರೆ ಅಷ್ಟರಲ್ಲಿ ಮಳೆ ಬಾರದಿದ್ದರೆ ಕಚ್ಚಿದ ಪೀಚು ಉದುರುತ್ತದೆ. ಅದನ್ನು ಉಳಿಸಲೆಂದು ಹೂ ನೀರನ್ನೇ ಮುಕ್ಕಾಲು ಇಂಚಿಗಿಂತ ಕಡಿಮೆ ಮಾಡಿದರಂತೂ ಮೊಗ್ಗು ಪೂರ್ತಿ ಅರಳದೆ ಬಣ್ಣಗೆಟ್ಟು ಒಣಗಬಹುದು.

ರೈತ: ಹಾಗಾದರೆ ಶುಂಠಿಯನ್ನೇ ಬಿಡಬೇಕೆ? ಬಿತ್ತನೆ ಶುಂಠಿ ತಂದಿಟ್ಟಾಗಿದೆ. ಕಾಫಿಯ ಹಣ ಮುಂದಿನ ವರ್ಷ ಕೈಗೆ ಬರುವುದು.

ಸಲಹೆಗಾರ: ಬಿಡಬೇಕಾಗಿಲ್ಲ, ಶುಂಠಿ ಕಾಯಬಲ್ಲದು, ಮೊಗ್ಗು ಕಾಯುವುದಿಲ್ಲ. ಬೀಜವನ್ನು ನೆರಳಿನಲ್ಲಿ ಗಾಳಿಯಾಡುವಂತೆ ಇಡಿ. ಇನ್ನೊಂದು ವಿಷಯ: ಕೆಳಗಿನ ಒಂದು ಎಕರೆಯ ಹಳೇ ಗಿಡಗಳನ್ನು ಬುಡದಿಂದ ಕಡಿದು ಚಿಗುರಿಸುವುದಾಗಿ ಹೋದ ಸಲ ಹೇಳಿದ್ದಿರಲ್ಲ?

ರೈತ: ಹೌದು, ಮನಸ್ಸಾಗದೆ ಮುಂದೂಡುತ್ತಲೇ ಇದ್ದೇನೆ.

ಸಲಹೆಗಾರ: ಈ ವರ್ಷವೇ ಮಾಡಿ. ಆ ಎಕರೆಗೆ ಹೂ ನೀರೇ ಬೇಡವಾಗುವುದರಿಂದ ಉಳಿದ ಮೂರಕ್ಕೆ ಏಳೂವರೆ ಲಕ್ಷ ಸಾಕು. ಇಷ್ಟು ಅಗಲದ ಕೆರೆಯಿಂದ ಬಿಸಿಲಿಗೆ ದಿನಕ್ಕೆ ನಾಲ್ಕೈದು ಸಾವಿರ ಲೀಟರ್ ಆವಿಯಾಗಿ ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಕಳೆದರೂ ಮಾರ್ಚ್ ಮಧ್ಯದ ಹೊತ್ತಿಗೆ ಮೂರೂವರೆ ಲಕ್ಷ ಉಳಿಯಬೇಕು. ಅದರಲ್ಲಿ ಅರ್ಧ ಎಕರೆ ಶುಂಠಿಯನ್ನು ಮಾರ್ಚ್ ಕೊನೆಗೆ ಹಾಕಿ, ಮಡಿಗಳ ಮೇಲೆ ದಪ್ಪವಾಗಿ ಸೊಪ್ಪು ಹೊದಿಸಿ, ಡ್ರಿಪ್‌ನಲ್ಲಿ ದಿನಕ್ಕೆ ಆರು ಸಾವಿರ ಲೀಟರಿನ ಒಳಗೆ ನಿಭಾಯಿಸಿ.

ರೈತ: ಮಿಕ್ಕ ಅರ್ಧ ಎಕರೆ?

ಸಲಹೆಗಾರ: ಬ್ಯಾಕಿಂಗ್ ಹೊತ್ತಿಗೆ ಒಳ್ಳೆಯ ಮಳೆ ಬಂದರೆ 3 ಲಕ್ಷ ಲೀಟರ್ ಉಳಿತಾಯವಾಗುತ್ತದೆ, ಆಗ ಅದನ್ನೂ ಹಾಕಿ. ಬಾರದಿದ್ದರೆ ಮೇ ತಿಂಗಳ ಮಳೆಗೆ ಹಾಕಿ, ಇಳುವರಿ ಸ್ವಲ್ಪ ತಗ್ಗೀತು. ಬೀಜವನ್ನು ಅಲ್ಲಿಯವರೆಗೆ ಇಡಲಾಗದಿದ್ದರೆ ಅರ್ಧವನ್ನು ಈಗಲೇ ಮಾರಿಬಿಡುವುದು ವಾಸಿ.

ರೈತ: ಮಾರುವುದಿಲ್ಲ ಸಾರ್, ಮೇ ತಿಂಗಳವರೆಗೆ ನೋಡುತ್ತೇನೆ. ಸ್ಪ್ರಿಂಕ್ಲರನ್ನು ನಾಡಿದ್ದು ಶುರು ಮಾಡಲೆ?

ಸಲಹೆಗಾರ: ಮಾಡಿ, ಗಾಳಿ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ. ಜೆಟ್ ತಿರುಗುವ ಜಾಗದಲ್ಲಿ ನಾಲ್ಕಾರು ಡಬ್ಬಿ ಇಟ್ಟು, ಒಂದೂವರೆ ಇಂಚು ತುಂಬಿದ ಮೇಲೆಯೇ ಪೈಪು ಬದಲಿಸಿ. ಎಂಟು ಹತ್ತು ದಿನಕ್ಕೆ ಹೂವು ಅರಳಿದಾಗ ಮಾತ್ರ ಅದರ ಮೇಲೆ ನೀರು ಬೀಳಬಾರದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕಾಗುವುದರಿಂದ ತೊಳೆದುಹೋದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ.